ಕನ್ನಡಿ ಪುಟದ ಮುಯ್ಯಾಳುಗಳು

ನಮ್ಮ ಟ್ರಸ್ಟಿನ ವೆಬ್‌ಸೈಟಿನಲ್ಲಿ ‘ಕನ್ನಡಿ’ ಅಂತ ಒಂದು ಪುಟವಿತ್ತು. ಹೆಸರಿಟ್ಟವರು ಅಧ್ಯಕ್ಷರಾದ ಶಿವಕುಮಾರಪ್ಪ ಮೇಷ್ಟ್ರು. ಹೊಳಲ್ಕೆರೆಯಲ್ಲಿ ಹೆಡ್‌ಮಾಸ್ಟರಾಗಿ ರಿಟೈರಾಗಿ, ಚಿತ್ರದುರ್ಗದಲ್ಲಿ ಮನೆ ಕಟ್ಟಿಸಿಕೊಂಡು, ಇಬ್ಬರು ಮೂವರು ಹಳೇ ಸ್ನೇಹಿತರನ್ನು ಸೇರಿಸಿ ಟ್ರಸ್ಟ್ ಮಾಡಿದವರು. ದಾನ ಕೊಟ್ಟ ಯಾರೇ ಆಗಲಿ ಆ ಪುಟ ತೆರೆದರೆ ಯಾವ ಕೆಲಸಕ್ಕೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಅಂತ ಕಾಣಬೇಕು. ಟ್ರ್ಯಾಕ್ಟರ್ ಬಾಡಿಗೆಯಿಂದ ಹಿಡಿದು ಟೀ ಪುಡಿಯವರೆಗೆ ಒಂದೊಂದು ಬಿಲ್ಲನ್ನೂ ನಾನು ಸ್ಕ್ಯಾನ್ ಮಾಡಿ ಹಾಕುತ್ತಿದ್ದೆ. “ಮುಚ್ಚುಮರೆ ಇರಬಾರದಮ್ಮ ಸ್ವಾತಿ, ಕನ್ನಡಿ ಥರ ಇರಬೇಕು” ಅನ್ನುತ್ತಿದ್ದರು ಮೇಷ್ಟ್ರು. ಕನ್ನಡಿಯಲ್ಲಿ ತಮ್ಮ ಮುಖವೂ ಕಾಣುತ್ತದೆ ಅನ್ನುವುದನ್ನು ಅವರು ಅಷ್ಟಾಗಿ ಯೋಚಿಸಿದ ಹಾಗಿರಲಿಲ್ಲ.

ಇದು ಎರಡು ಸಾವಿರದ ಐದನೇ ಇಸವಿಯ ಮಾತು. ನಾನು ಬೆಳಿಗ್ಗೆ ಕಂಪ್ಯೂಟರ್ ಸೆಂಟರಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಹೇಳಿಕೊಡುತ್ತಿದ್ದೆ, ಮಧ್ಯಾಹ್ನದ ಮೇಲೆ ಮೇಷ್ಟ್ರ ಮನೆಯ ಕಂಪ್ಯೂಟರಿನಲ್ಲಿ ಟ್ರಸ್ಟಿನ ಕೆಲಸ. ಆಗ ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲ, ಫಾಂಟ್ ಇಲ್ಲದವರಿಗೆ ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ. ಹಾಗಾಗಿ ಇಡೀ ಪುಟವನ್ನು ಟೈಪ್ ಮಾಡಿ ಚಿತ್ರವಾಗಿ ಉಳಿಸಿ ಹಾಕಬೇಕು. ಒಂದು ಹೆಸರು ತಪ್ಪಾದರೆ ಮತ್ತೆ ಇಡೀ ಚಿತ್ರ ಮಾಡಿ, ಅದು ಫೋನಿನ ತಂತಿಯಲ್ಲಿ ಕುಂಟುತ್ತಾ ಇಂಟರ್‌ನೆಟ್ಟಿಗೆ ಹೋಗುವುದನ್ನು ನೋಡುತ್ತಾ ಕೂರಬೇಕು. ನಡುವೆ ಯಾರಾದರೂ ಫೋನ್ ಎತ್ತಿದರೆ ಮೊದಲಿಂದ ಶುರು. ಹೀಗೆ ಬೆವರು ಹರಿಸಿ ಹಾಕಿದ ಪುಟದ ಮೇಲೆ ನನಗೆ ಸ್ವಲ್ಪ ಜಂಬ ಇದ್ದರೆ ತಪ್ಪೇನಿಲ್ಲ.

ಆ ಬೇಸಿಗೆಯಲ್ಲಿ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ ಕುರಿಗಳಿಗೆ ನೀರು ಕುಡಿಯಲು ಒಂದು ಗೋಕಟ್ಟೆಯ ಹೂಳೆತ್ತುವ ಯೋಜನೆ ಹಾಕಿಕೊಂಡೆವು. ಮಣ್ಣು ಸಾಗಿಸಲು ಟ್ರ್ಯಾಕ್ಟರಿಗೆ ದಾನದ ದುಡ್ಡು, ಅಗೆಯಲು ಸ್ವಯಂಸೇವಕರು. ಸ್ವಯಂಸೇವಕರಾಗಲು ವೆಬ್‌ಸೈಟಿನಲ್ಲೇ ಒಂದು ಫಾರಂ ಇಟ್ಟೆ. ಹೆಸರು, ಉದ್ಯೋಗ, ಬಡಾವಣೆ, ಫೋನು, ಯಾವ ದಿನ ಬರುತ್ತೀರಿ, ಇತರೆ ವಿಷಯ. ತುಂಬಿ ಒತ್ತಿದರೆ ಟ್ರಸ್ಟಿನ ವಿಳಾಸಕ್ಕೆ ಒಂದು ಇಮೇಲ್ ಬರುತ್ತಿತ್ತು, ಅವರಿಗೆ ‘ನಿಮ್ಮ ಸೇವಾ ಮನೋಭಾವಕ್ಕೆ ವಂದನೆಗಳು’ ಅಂತ ಇನ್ನೊಂದು ಹೋಗುತ್ತಿತ್ತು. ಆ ವಂದನೆ ಬಂದ ಕೂಡಲೇ ಸೇವೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ ಅನ್ನುವುದು ನಮಗೆ ಆಮೇಲೆ ತಿಳಿಯಿತು. ಅರವತ್ತು ಜನ ಹೆಸರು ಬರೆಸಿದರು, ಭಾನುವಾರ ಬಂದವರು ಇಪ್ಪತ್ತೆರಡು.

ಬಂದವರು ಮಾತ್ರ ನಿಜವಾಗಿ ದುಡಿದರು, ಅದನ್ನು ಹೇಳಲೇಬೇಕು. ಮೇಷ್ಟ್ರೂ ಬಂದಿದ್ದರು. ಬಿಳಿ ಟೋಪಿ ಹಾಕಿಕೊಂಡು, ಗುದ್ದಲಿ ಎತ್ತಿ ಹಿಡಿದು, ಫೋಟೋ ತೆಗೆಸಿಕೊಂಡು, ಒಂದು ಸಲ ನೆಲಕ್ಕೆ ಹಾಕಿ, ಹೊಸದುರ್ಗದಲ್ಲಿ ಯಾರದೋ ಮದುವೆಗೆ ಹೊರಟುಹೋದರು.

ಮರುದಿನ ನಾನು ವರದಿ ಟೈಪ್ ಮಾಡಿ ತೋರಿಸಿದೆ. ದುಡಿದವರು ಇಪ್ಪತ್ತೆರಡು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಏನೋ ತಿದ್ದುತ್ತಾರೆ ಅಂತಲೇ ಅರ್ಥ. ಬೆಂಗಳೂರಿನ ಒಂದು ಪ್ರತಿಷ್ಠಾನದವರು ಸ್ವಯಂಸೇವಕರ ಒಂದೊಂದು ದಿನದ ದುಡಿಮೆಗೂ ನೂರು ರೂಪಾಯಿ ಲೆಕ್ಕದಲ್ಲಿ ಮುಂದಿನ ಯೋಜನೆಗೆ, ಅಂದರೆ ಮಾಡದಕೆರೆಯ ಕಟ್ಟೆಗೆ, ದುಡ್ಡು ಕೊಡುವುದಾಗಿ ಒಪ್ಪಿದ್ದರು. ಅವರು ನೋಡುವುದು ಕನ್ನಡಿ ಪುಟವನ್ನೇ.

“ಅರವತ್ತು ಜನ ಮನಸ್ಸಿನಲ್ಲಿ ಬಂದಿದ್ದರಲ್ಲಮ್ಮ” ಅಂದರು.

“ಮನಸ್ಸಿನಲ್ಲಿ ಮಣ್ಣು ಹೊತ್ತಿಲ್ಲವಲ್ಲ ಸಾರ್.”

“ಒಳ್ಳೇ ಕೆಲಸಕ್ಕೆ ಅಲ್ವೇನಮ್ಮ? ನಮ್ಮ ಜೇಬಿಗೇನೂ ಇಳಿಸಲ್ಲವಲ್ಲ. ಅರವತ್ತೂ ಹಾಕು. ಮೇಲೆ ನನ್ನ ಹೆಸರಿರಲಿ, ಅಧ್ಯಕ್ಷ ಅಂತ. ನಂಬಿಕೆ ಬರೋ ಹಾಗೆ ಉದ್ಯೋಗ, ಬಡಾವಣೆನೂ ಹಾಕು.”

ನಾನು ಮುಖ ಊದಿಸಿಕೊಂಡು ವಾದ ಮಾಡಿದೆ. ಅವರು ಕನ್ನಡಕ ಹಾಕಿಕೊಂಡರು. ಅಲ್ಲಿಗೆ ಮಾತು ಮುಗಿಯಿತು. ಸುಳ್ಳನ್ನೂ ಚಿತ್ರ ಮಾಡಿಯೇ ಹಾಕಬೇಕು, ಅದೂ ಅಷ್ಟೇ ಹೊತ್ತು ಹಿಡಿಯುತ್ತದೆ. ಟ್ರಸ್ಟಿನ ನಿಯಮದಂತೆ ಆ ಪುಟದ ಒಂದು ಪ್ರಿಂಟನ್ನು ಕೆಲಸ ನಡೆದ ಊರಿನ ಶಾಲೆ ಗೋಡೆಗೂ ಅಂಟಿಸಿ ಬಂದೆವು.

ಹತ್ತು ದಿನ ಸುಮ್ಮನಿತ್ತು. ಆಮೇಲೆ ಲಕ್ಷ್ಮೀಕಾಂತ್ ಫೋನು ಬಂತು. ಸಂತೆ ಹೊಂಡದ ಕಡೆ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರು, ಫಾರಂ ತುಂಬಿ ಬರದೇ ಇದ್ದವರಲ್ಲಿ ಒಬ್ಬರು.

“ಏನಮ್ಮ, ನಿಮ್ಮ ಟ್ರಸ್ಟಿನ ಸೇವೆ ಭಾಳ ಚೆನ್ನಾಗೈತೆ” ಅಂದರು. “ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಇಬ್ಬರು ಬಂದು ನಿಂತಿದ್ರು. ಗೋಡೌನಿನಲ್ಲಿದ್ದ ಶೀಟೆಲ್ಲಾ ತೆಗೆದು ಗುಡಿಸಿ ಜೋಡಿಸಿ ಹೋದ್ರು. ಕೂಲಿ ಕೊಡಕ್ಕೆ ಹೋದ್ರೆ ಮುಟ್ಟಲೇ ಇಲ್ಲ. ನಾಳೆ ಇನ್ನಿಬ್ಬರನ್ನ ಕಳಿಸ್ತೀರಾ, ಬಣ್ಣದ ಡಬ್ಬ ಇಳಿಸೋದೈತೆ.”

“ನಾವು ಯಾರನ್ನೂ ಕಳಿಸಿಲ್ವಲ್ಲ ಸಾರ್?”

“ಮತ್ತೆ ನಿಮ್ಮ ಹಾಳೇಲಿ ನನ್ನ ಹೆಸರೈತೆ ಅಂದ್ರು. ಯಲ್ಲದಕೆರೆಯವರು.”

ನನಗೆ ತಲೆಬುಡ ತಿಳಿಯಲಿಲ್ಲ. ಸಂಜೆಯೊಳಗೆ ಇನ್ನೂ ಎರಡು ಫೋನು ಬಂದವು. ಒಬ್ಬ ಲೆಕ್ಚರರ್ ಮನೆಯಲ್ಲಿ ಮೂರು ಹೂಕುಂಡ ಬಿಟ್ಟರೆ ಮಣ್ಣೇ ಇಲ್ಲ. ಹಿಂದಿನ ದಿನ ಬಂದವನು ಕೆಲಸ ಹೇಳಿ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದನಂತೆ. ಪಾಪ ಅವರು ಆ ಮೂರು ಕುಂಡವನ್ನೇ ಅವನ ಕೈಲಿ ಬೆಳಿಗ್ಗೆ ಮಹಡಿಗೆ ಹತ್ತಿಸಿ ಸಂಜೆ ಇಳಿಸಿದರಂತೆ. ಅದಕ್ಕಿಂತ ಕೆಟ್ಟದ್ದು ಮರುದಿನ ಇಮೇಲ್ ತೆರೆದಾಗ ಕಂಡಿತು. ಲಕ್ಷ್ಮೀಕಾಂತ್ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದರು ಅಂತ ಕಾಣುತ್ತದೆ. ಫಾರಂ ತುಂಬಿದವರ ಸಾಲು ಬಂದು ಬಿದ್ದಿತ್ತು. ‘ಇತರೆ ವಿಷಯ’ ಅನ್ನುವ ಜಾಗದಲ್ಲಿ ಒಬ್ಬರು ‘ನೀರಿನ ಟ್ಯಾಂಕು ತೊಳೆಯಬೇಕು’ ಅಂತ ಬರೆದಿದ್ದರು, ಇನ್ನೊಬ್ಬರು ‘ತೆಂಗಿನಕಾಯಿ ಇಳಿಸುವವರಿದ್ದರೆ ಉತ್ತಮ’ ಅಂತ.

ಮೇಷ್ಟ್ರಿಗೆ ತೋರಿಸಿದೆ. ಅವರು ಮೊದಲ ಸಾಲು ಮಾತ್ರ ಓದಿ ಖುಷಿಪಟ್ಟರು. “ನೋಡಿದ್ಯಾ, ಸೇವಾ ಮನೋಭಾವ ಹೆಂಗೆ ಬೆಳೀತಾ ಐತೆ.”

ನಾನು ಬಸ್ಸು ಹತ್ತಿ ಯಲ್ಲದಕೆರೆಗೆ ಹೋದೆ.

ಗಿರಿಯಮ್ಮ ಮನೆ ಮುಂದೆ ಒಂದು ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಐವತ್ತು ದಾಟಿದ ಹೆಂಗಸು, ನಾಲ್ಕು ಮನೆಯ ಕುರಿ ಮಂದೆಗೆ ಅವಳೇ ಯಜಮಾನಿ ಅನ್ನಬಹುದು. ಗೋಕಟ್ಟೆ ಬೇಕು ಅಂತ ನಮ್ಮ ಹತ್ತಿರ ಕೇಳಿದವಳೂ ಅವಳೇ. ಅವಳ ಮಗ ಪರಮೇಶ್ ಹಿರಿಯೂರಿನಲ್ಲಿ ಬಸ್ ಕಂಡಕ್ಟರು, ಶಾಲೆ ಗೋಡೆಯ ಹಾಳೆಯನ್ನು ಊರಿಗೆಲ್ಲ ಓದಿ ಹೇಳಿದ್ದು ಅವನೇ.

“ಬಾರವ್ವ, ಕುಂತ್ಕ” ಅಂದಳು. “ಪೇಟೆಯೋರ ಮನೀಗೆ ಹೋಗಿ ಬಂದ್ರಲ್ಲ ನಮ್ಮೋರು? ಕೆಲಸ ಚೆನ್ನಾಗಿ ಮಾಡಿದ್ರಾ?”

“ಯಾಕೆ ಹೋಗಿದ್ರು ಗಿರಿಯಮ್ಮ?”

ಅವಳು ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. “ಯಾಕೆ ಅಂದ್ರೆ? ಮುಯ್ಯಾಳು ಅಲ್ವಾ?”

ಆಗ ಹೊಳೆಯಿತು. ನಮ್ಮ ಕಡೆ ಹೊಲದ ಕೆಲಸಕ್ಕೆ ಕೂಲಿ ಕೊಡಲಾಗದಿದ್ದಾಗ ಒಬ್ಬರಿಗೊಬ್ಬರು ಮುಯ್ಯಾಳು ಹೋಗುತ್ತಾರೆ. ನೀನು ಇವತ್ತು ನನ್ನ ಹೊಲದಲ್ಲಿ ಕಳೆ ತೆಗೆದರೆ, ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ದಿನಕ್ಕೆ ದಿನ. ತೀರಿಸದವರ ಜೊತೆ ಊರಿನಲ್ಲಿ ಯಾರೂ ವ್ಯವಹಾರ ಇಟ್ಟುಕೊಳ್ಳುವುದಿಲ್ಲ. ನನ್ನ ಅಜ್ಜಿಯೇ ಮುಯ್ಯಾಳು ಹೋಗಿದ್ದವಳು, ಆದರೂ ಫಾರಂ ಮಾಡುವಾಗ ನನಗೆ ಅದು ನೆನಪಾಗಿರಲಿಲ್ಲ. ಪೇಟೆಯವರು ಬಂದು ಒಂದು ದಿನ ಕಟ್ಟೆಗೆ ದುಡಿದಿದ್ದಾರೆ, ಯಾರು ಯಾರು ಅಂತ ಹೆಸರು, ಬಡಾವಣೆ ಸಮೇತ ಗೋಡೆಗೆ ಅಂಟಿಸಿದ್ದಾರೆ. ಇನ್ನು ತೀರಿಸಬೇಡವೇ? ಯಲ್ಲದಕೆರೆಯವರಿಗೆ ಅದು ದಾನಿಗಳ ಪುಟವಲ್ಲ, ಬಾಕಿಯ ಪುಟ.

“ಅದು ಸುಮ್ಮನೆ ಮಾಡಿದ ಸೇವೆ ಗಿರಿಯಮ್ಮ. ತೀರಿಸಬೇಕಾಗಿಲ್ಲ.”

“ಯಾಕೆ, ನಾವೇನು ಬೇಡ್ಕಂಡು ತಿನ್ನೋರಾ?” ಮರಿ ಬೆಚ್ಚಿ ಬಾಟಲಿ ಬಿಟ್ಟಿತು. “ಬಿತ್ತನೆ ಶುರುವಾಗೋದ್ರೊಳಗೆ ಎಲ್ಲರದೂ ಮುಗಿಸ್ತೀವಿ. ಅರವತ್ತೊಂದು ಜನ ಅಂದ್ರೆ ಒಂದ್ಮನೆಗೆ ಹದಿನೈದು ದಿನ ಬೀಳ್ತೈತೆ, ಅದಕ್ಕೇ ಸ್ವಲ್ಪ ತಡ ಆಗ್ತೈತೆ.”

“ಅವತ್ತು ಅಷ್ಟು ಜನ ಬಂದಿದ್ರು ಅಂತ ನಿಮಗೆ ಅನ್ನಿಸ್ತಾ?”

“ಎಲ್ಲರೂ ಬಿಳೀ ಟೋಪಿ ಹಾಕ್ಕಂಡಿದ್ರು, ಅತ್ಲಾಗ್ ಹೋಗೋರು, ಇತ್ಲಾಗ್ ಬರೋರು. ಯಾರು ಎಣಿಸ್ತಾರೆ? ಅರವತ್ತು ಜನಕ್ಕೆ ಮುದ್ದೆ ಮಾಡಿದ್ದೆ, ಮುಕ್ಕಾಲು ಹಂಗೇ ಉಳೀತು. ಪೇಟೆಯೋರು ಹಕ್ಕಿ ತಿಂದಂಗೆ ತಿಂತಾರೆ ಅನ್ಕಂಡೆ.”

ಅಲ್ಲೇ ಹೇಳಿಬಿಡಬೇಕು ಅನ್ನಿಸಿತು. ಆದರೆ ಹೇಳಿದರೆ ಮೇಷ್ಟ್ರ ಮಾನ ಯಲ್ಲದಕೆರೆಯ ಬೀದಿಯಲ್ಲಿ ಹೋಗುತ್ತದೆ, ಅದನ್ನು ಅವರೇ ಹೇಳಲಿ ಅಂತ ಬಾಯಿ ಬಿಗಿ ಹಿಡಿದು ವಾಪಸು ಬಂದೆ. ಬಸ್ಸಿನಲ್ಲಿ ನನಗೆ ಸಿಟ್ಟು ಬಂದು ಬಂದು ತಲೆ ಸಿಡಿಯುತ್ತಿತ್ತು. ನಾವು ಹಾಕಿದ ಒಂದೊಂದು ಸುಳ್ಳು ಹೆಸರಿಗೂ ಅಲ್ಲಿ ಒಬ್ಬರು ಕುರಿ ಬಿಟ್ಟು, ಬಸ್ ಚಾರ್ಜು ಕೊಟ್ಟುಕೊಂಡು ಬಂದು, ಒಂದು ದಿನ ನಿಜವಾಗಿ ದುಡಿಯಬೇಕು.

ಮೇಷ್ಟ್ರಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು.

“ಪುಟ ತಿದ್ದಾಣ ಸಾರ್. ಇವತ್ತೇ.”

“ಒಂದು ವಾರ ತಡಿಯಮ್ಮ. ಪ್ರತಿಷ್ಠಾನದ ಚೆಕ್ಕು ಬರಲಿ. ಈಗ ತಿದ್ದಿದ್ರೆ ನಾವು ಸುಳ್ಳುಗಾರರು ಅಂತ ಆಗಲ್ವಾ?”

“ಈಗ ಏನಾಗಿದೀವಿ ಸಾರ್?”

“ಹೋಗಮ್ಮ, ಟೈಪಿಂಗ್ ಕ್ಲಾಸಿಗೆ ಹೊತ್ತಾಯ್ತು” ಅಂದರು. ಕ್ಲಾಸು ಇರುವುದು ಬೆಳಿಗ್ಗೆ, ಅದು ಅವರಿಗೂ ಗೊತ್ತು.

ಎರಡು ದಿನ ಬಿಟ್ಟು ಬೆಳಿಗ್ಗೆ ಮೇಷ್ಟ್ರ ಹೆಂಡತಿ ಏಕಾಂತಮ್ಮನವರು ಫೋನ್ ಮಾಡಿದರು. “ಸ್ವಾತಿ, ಸ್ವಲ್ಪ ಬಾರಮ್ಮ. ನಮ್ಮೆಜಮಾನ್ರು ತಿಂಡಿ ಮುಟ್ಟಿಲ್ಲ. ಅದ್ಯಾರೋ ಗಿರಿಯಮ್ಮ ಅಂತ ಬಂದವಳೆ, ಭಾಳ ಒಳ್ಳೆಯವಳು.”

ಹೋದೆ. ಹಿತ್ತಲಿನಲ್ಲಿ ಹಾರೆಯ ಸದ್ದು ಕೇಳುತ್ತಿತ್ತು. ಅಧ್ಯಕ್ಷರ ಮುಯ್ಯಿ ಬೇರೆಯವರ ಕೈಲಿ ತೀರಿಸಿದರೆ ಮರ್ಯಾದೆ ಅಲ್ಲ ಅಂತ ಗಿರಿಯಮ್ಮ ಅದನ್ನು ತನ್ನ ಪಾಲಿಗೆ ಇಟ್ಟುಕೊಂಡಿದ್ದಳಂತೆ. ಮೇಷ್ಟ್ರು ಕೆಲಸ ಏನೂ ಇಲ್ಲ ಅಂತ ಎಷ್ಟು ಹೇಳಿದರೂ ಕೇಳಿಲ್ಲ. ಕೊನೆಗೆ ಏಕಾಂತಮ್ಮನವರೇ ಹಿತ್ತಲಿಗೆ ಕರೆದುಕೊಂಡು ಹೋಗಿ ಬಚ್ಚಲ ನೀರಿಗೆ ಇಂಗುಗುಂಡಿ ತೋಡುವ ಜಾಗ ತೋರಿಸಿದ್ದಾರೆ. ಆ ಗುಂಡಿ ತೋಡಿಸಿ ಅಂತ ಅವರು ಮೂರು ವರ್ಷದಿಂದ ಗಂಡನ ಬೆನ್ನು ಹತ್ತಿದ್ದರು.

ಮೇಷ್ಟ್ರು ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಹಾರೆ ಬಿದ್ದಾಗಲೆಲ್ಲ ಪೇಪರ್ ಸ್ವಲ್ಪ ಅಲುಗುತ್ತಿತ್ತು. ನಾನು ಎದುರಿಗೆ ಕೂತೆ, ಮಾತಾಡಲಿಲ್ಲ. ಮಾತಾಡದೇ ಇರುವುದು ನನಗೆ ಎಷ್ಟು ಕಷ್ಟ ಅನ್ನುವುದು ನನ್ನನ್ನು ಬಲ್ಲವರಿಗೆ ಗೊತ್ತು.

“ನೆಲ ಗಟ್ಟಿ ಐತಾ?” ಅಂತ ಕೇಳಿದರು.

“ಬೇಸಿಗೆ ಅಲ್ವಾ ಸಾರ್.”

ಹಿತ್ತಲಿಂದ ಏಕಾಂತಮ್ಮನವರ ದನಿ. “ಸ್ವಲ್ಪ ಕುಂತ್ಕಳ್ರಿ ಗಿರಿಯಮ್ಮ, ಮಜ್ಜಿಗೆ ಕುಡೀರಿ.” ಅದಕ್ಕೆ ಗಿರಿಯಮ್ಮನ ಉತ್ತರ. “ಬ್ಯಾಡವ್ವ, ಮೇಷ್ಟ್ರು ಅವತ್ತು ನಮ್ಮೂರಾಗೆ ನೀರು ಸೈತ ಕುಡೀದೆ ದುಡಿದಾರೆ. ನಾನು ಹೆಂಗೆ ಕುಂತ್ಕಳ್ಳಿ?”

ನೀರು ಕುಡಿಯದೆ ಹೋಗಿದ್ದೇನೋ ನಿಜ. ಮೇಷ್ಟ್ರು ಪೇಪರ್ ಮಡಚಿ ಕೆಳಗಿಟ್ಟರು. ಎದ್ದರು, ಕೂತರು, ಮತ್ತೆ ಎದ್ದು ಹಿತ್ತಲಿಗೆ ನಡೆದರು. ನಾನು ಹಿಂದೆಯೇ ಹೋದೆ. ಗಿರಿಯಮ್ಮ ಸೊಂಟದ ತನಕ ಗುಂಡಿಯಲ್ಲಿದ್ದಳು, ಮುಖವೆಲ್ಲ ಕೆಂಪು ಮಣ್ಣು.

“ಗಿರಿಯಮ್ಮ, ನಿಲ್ಸವ್ವ” ಅಂದರು ಮೇಷ್ಟ್ರು. “ನಾನು ಅವತ್ತು ದುಡಿದಿಲ್ಲ.”

“ಹಾಳೇಲಿ ಐತಲ್ರಿ ಸ್ವಾಮಿ, ಎಲ್ಲರಿಗಿಂತ ಮ್ಯಾಲೆ.”

“ಅದು ನಾನೇ ಹಾಕಿಸಿದ್ದು. ಗುದ್ದಲಿ ಹಿಡಿದು ಫೋಟೋ ತೆಗೆಸ್ಕೊಂಡೆ, ಮದುವೆ ಊಟಕ್ಕೆ ಹೋದೆ. ಆ ಅರವತ್ತು ಜನದಲ್ಲಿ ಬಂದೋರು ಇಪ್ಪತ್ತೆರಡೇ. ಮಿಕ್ಕಿದ್ದು ಸುಳ್ಳು.” ಇಷ್ಟು ಹೇಳುವಷ್ಟರಲ್ಲಿ ಅವರ ದನಿ ಕೆಳಗಿಳಿದಿತ್ತು. ನಲವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ, ತಾನೇ ಹತ್ತಿ ನಿಂತ ಹಾಗಿತ್ತು. ಸಿಟ್ಟೆಲ್ಲ ಇಳಿದು ನನಗೆ ಅವರ ಮೇಲೆ ಪ್ರೀತಿಯೇ ಬಂತು.

ಗಿರಿಯಮ್ಮನಿಗೆ ಅಂಥದ್ದೇನೂ ಬರಲಿಲ್ಲ. ಹಾರೆ ನೆಟ್ಟು ಅದರ ಮೇಲೆ ಎರಡೂ ಕೈ ಊರಿ ನಿಂತಳು.

“ಹಂಗಾರೆ ಈ ಗುಂಡಿ?”

ಮೇಷ್ಟ್ರು ಗುಂಡಿಯನ್ನು ನೋಡಿದರು, ಏಕಾಂತಮ್ಮನವರು ಮೇಷ್ಟ್ರನ್ನು ನೋಡಿದರು.

“ನಮ್ಮೋರು ಯಾರ್ಯಾರ ಮನೀಗೆ ಹೋಗಿ ಬಂದ್ರು ಅದ್ರಾಗೆ ದುಡೀದೆ ಇದ್ದೋರು ಎಷ್ಟು ಜನ?”

ನಾನು ಹೇಳಿದೆ, ಇಲ್ಲಿಯವರೆಗೆ ಒಂಬತ್ತು. ಲಕ್ಷ್ಮೀಕಾಂತ್ ಅವರದು ಎರಡು ದಿನದ ಲೆಕ್ಕ, ಅಂಗಡಿಯ ಭಾರದ ಕೆಲಸಕ್ಕೆ ಅಂತ ಅಲ್ಲಿಗೆ ಇಬ್ಬರು ಹೋಗಿದ್ದರು.

“ಅವ್ರೆಲ್ಲ ನಮಗೆ ಬಾಕಿ. ನೀವು ಅರ್ಧ ದಿನ ಬಾಕಿ, ಈಗ ಹೊತ್ತು ನೆತ್ತಿ ಮ್ಯಾಲೆ ಬಂದೈತೆ” ಅಂದಳು. “ಅದನ್ನೂ ಹಾಳೇಲಿ ಹಾಕ್ಸಿ. ದೊಡ್ಡ ಅಕ್ಷರದಾಗೆ.” ಗುಂಡಿಯಿಂದ ಹತ್ತಿ ಬಂದು, ಕೈಕಾಲು ತೊಳೆದು, ಆಗ ಮಜ್ಜಿಗೆ ಕೇಳಿ ಎರಡು ಲೋಟ ಕುಡಿದು ಹೊರಟಳು.

“ಅಲ್ರೀ, ಗುಂಡಿ ಅರ್ಧಕ್ಕೇ ನಿಂತಿತಲ್ಲ” ಅಂದರು ಏಕಾಂತಮ್ಮ. “ಈ ಸತ್ಯಾನ ಸಂಜೆ ಹೇಳೋಕೆ ಆಗ್ತಿರ್ಲಿಲ್ವಾ?”

ಅವತ್ತೇ ಪುಟ ತಿದ್ದಿದೆವು. ಮೇಷ್ಟ್ರು ಪಕ್ಕದಲ್ಲಿ ಕೂತು ಹೇಳಿಬರೆಸಿದರು. ‘ಈ ಪುಟದಲ್ಲಿ ಮೊದಲು ಪ್ರಕಟವಾದ ಸಂಖ್ಯೆ ಸುಳ್ಳು. ಹಾಕಿಸಿದವರು ಅಧ್ಯಕ್ಷರು.’ ಕೆಳಗೆ ಹೆಸರು ಬರೆಸಿದವರು, ದುಡಿದವರು, ಯಲ್ಲದಕೆರೆಯವರಿಗೆ ದಿನ ಬಾಕಿ ಇರುವವರು ಅಂತ ಮೂರು ಕಾಲಂ. ಅದರ ಪ್ರಿಂಟನ್ನು ಶಾಲೆ ಗೋಡೆಗೂ ಅಂಟಿಸಿದೆವು, ಪ್ರತಿಷ್ಠಾನಕ್ಕೂ ಕಳಿಸಿದೆವು. ಅವರು ಏನೂ ಬುದ್ಧಿ ಹೇಳಲಿಲ್ಲ, ಇಪ್ಪತ್ತೆರಡು ಜನದ ಲೆಕ್ಕಕ್ಕೆ ಚೆಕ್ಕು ಕಳಿಸಿದರು. ಮಾಡದಕೆರೆಯ ಕಟ್ಟೆ ಅಂದುಕೊಂಡದ್ದಕ್ಕಿಂತ ಚಿಕ್ಕದಾಗುತ್ತದೆ ಅಂತಲೂ ಬರೆದು ಹಾಕಿದೆವು.

ಲಕ್ಷ್ಮೀಕಾಂತ್ ಕೂಗಾಡಿದರು. “ಊರಿಗೆಲ್ಲ ಕಾಣೋ ಹಂಗೆ ಬಾಕಿದಾರ ಅಂತ ಹಾಕಿದ್ದೀಯಲ್ಲಮ್ಮ, ನಂದು ವ್ಯಾಪಾರ. ಮೊದಲು ತೆಗಿ.”

“ದುಡಿದು ಬಂದ್ರೆ ಅದೇ ದಿನ ತೆಗಿತೀನಿ ಸಾರ್.”

ಅವರು ಅಂಗಡಿಯ ಹಮಾಲಿಯನ್ನು ಕಳಿಸಿದರು. ಗಿರಿಯಮ್ಮ ಅವನಿಗೆ ಊಟ ಹಾಕಿ, ಹಾಳೆಯಲ್ಲಿರುವ ಹೆಸರು ನಿನ್ನದಲ್ಲ ಅಂತ ವಾಪಸು ಕಳಿಸಿದಳು. ಮುಂದಿನ ಭಾನುವಾರ ಲಕ್ಷ್ಮೀಕಾಂತ್ ಖುದ್ದಾಗಿ ಬಂದರು, ಎರಡನೇ ಭಾನುವಾರವೂ ಬಂದರು. ಕಟ್ಟೆ ಏರಿಗೆ ಕಲ್ಲು ಹೊಂದಿಸುವ ಕೆಲಸ ಉಳಿದಿತ್ತು. ಲೆಕ್ಚರರ್ ಮೂರು ಹೂಕುಂಡಕ್ಕೆ ಒಂದು ದಿನ ಪೂರಾ ಕಲ್ಲು ಹೊರಬೇಕಾ ಅಂತ ಚೌಕಾಸಿ ಮಾಡಿ, ಗಿರಿಯಮ್ಮನ ಮುಖ ನೋಡಿ ಸುಮ್ಮನೆ ಹೊತ್ತರು.

ಮೇಷ್ಟ್ರು ಎಲ್ಲರಿಗಿಂತ ಮೊದಲೇ ಹೋಗಿದ್ದರು. ಕ್ಯಾಮೆರಾ ತಂದವರನ್ನು ದೂರ ಕಳಿಸಿ, ಪಂಚೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದರು. ಕಲ್ಲಿಗಿಂತ ಅವರೇ ಹೆಚ್ಚು ಸಲ ಕೂತರು, ಆದರೂ ಬಿಡಲಿಲ್ಲ. ಹೊತ್ತು ನೆತ್ತಿಗೆ ಬಂದ ಮೇಲೆ ಗಿರಿಯಮ್ಮ ಅವರ ಕೈಯಿಂದ ಬುಟ್ಟಿ ತೆಗೆದುಕೊಂಡಳು.

“ಸಾಕು ಬಿಡ್ರಿ ಮೇಷ್ಟ್ರೇ. ತೀರ್ತು” ಅಂದಳು. ಅವರು ಅಂಗೈ ಬಿಚ್ಚಿ ಬೊಬ್ಬೆಗಳನ್ನು ನೋಡಿಕೊಂಡರು. ಆಮೇಲೆ ಎರಡು ಮುದ್ದೆ ಉಂಡರು.

ಮರುದಿನ ಪುಟ ತಿದ್ದಲು ಕೂತೆವು. ಕೈ ಬೊಬ್ಬೆಗೆ ಏಕಾಂತಮ್ಮನವರು ಅರಿಶಿಣ ಹಚ್ಚಿದ್ದರು, ಕನ್ನಡಕ ಒರೆಸಲೂ ಆಗುತ್ತಿರಲಿಲ್ಲ.

“ನಂದು ಅರ್ಧ ದಿನ ಅಂತ ಹಾಕಮ್ಮ, ದುಡಿದವರ ಕಾಲಂನಲ್ಲಿ” ಅಂದರು.

ನನಗೆ ಹೇಳಲು ಮನಸ್ಸೇ ಬರಲಿಲ್ಲ. ಆದರೂ ಹೇಳಿದೆ. “ಸಾರ್, ಗಿರಿಯಮ್ಮ ನಿಮ್ಮನೇಲಿ ಅರ್ಧ ದಿನ ದುಡಿದಿದ್ಳು. ನೀವು ಅರ್ಧ ದಿನ ತೀರಿಸಿದ್ರಿ. ಬಾಕಿ ಹೋಯ್ತು. ಸೇವೆ ಅಂತ ಲೆಕ್ಕಕ್ಕೆ ಏನೂ ಉಳಿಯಲ್ಲ.”

ಮೇಷ್ಟ್ರು ಪರದೆಯ ಹತ್ತಿರಕ್ಕೆ ಬಗ್ಗಿದರು. ಪಟ್ಟಿಯ ಮೇಲುಗಡೆ ಅವರ ಹೆಸರು, ಎದುರಿಗೆ ಖಾಲಿ ಚೌಕ.

“ಸೊನ್ನೆ ಹಾಕು” ಅಂದರು. ನಾನು ಹೆಸರನ್ನೇ ತೆಗೆಯಲು ಹೋದಾಗ ಅರಿಶಿಣದ ಕೈ ಅಡ್ಡ ಇಟ್ಟರು. “ಹೆಸರು ಇರಲಿ. ಮೇಲೇ ಇರಲಿ. ಬಂದವರು ಮೊದಲು ಅದನ್ನೇ ನೋಡಲಿ.”

ಹಾಕಿದೆ. ಚಿತ್ರ ವೆಬ್‌ಸೈಟಿಗೆ ಹೋಗಿ ಮುಗಿಯುವವರೆಗೂ ಅವರು ಎದ್ದು ಹೋಗಲಿಲ್ಲ, ಮನೆಯಲ್ಲಿ ಯಾರಿಗೂ ಫೋನ್ ಎತ್ತಲು ಬಿಡಲಿಲ್ಲ.